ಸಿಇಒ ಬದಲಾದರ ಕಡ್ಲಿ ರೊಕ್ಕ ಯಾರು ಕೊಡ್ತಾರ?

ನವಲಗುಂದ ಸೀಮೆಯ ರೈತ ಉತ್ಪಾದಕ ಕಂಪನಿಯೊಂದರಲ್ಲಿ ನಾನು ಸಿಇಒ ಆಗಿದ್ದೆ. 2020ರ ಕೇಂದ್ರ ಯೋಜನೆಯಡಿ ಹುಟ್ಟಿದ ಇಂಥ ಕಂಪನಿಗಳಿಗೆ ಸಿಇಒ ಸಂಬಳದ ನೆರವು ಮೂರು ವರ್ಷಕ್ಕಷ್ಟೇ. ಅದು ಮುಗಿದಾಗ ನಾನೂ ಹೊರಟೆ. ಹೊರಡುವ ಮುನ್ನ ಸದಸ್ಯರಿಗೆ ಬರೆದ ಪತ್ರ ನನಗೆ ಕಲಿಸಿದ್ದಿಷ್ಟು.

1. "ಏನೂ ಬದಲಾಗುವುದಿಲ್ಲ" ಎನ್ನಬೇಡಿ.
ನನ್ನ ಪತ್ರದ ಮೊದಲ ಸಾಲೇ ಅದು. ಹಿರಿಯ ಸದಸ್ಯರೊಬ್ಬರು ಓದಿಸಿಕೊಂಡು, "ಏನೂ ಬದಲಾಗೂದಿಲ್ಲಂದ್ರ ಪತ್ರ ಯಾಕ ಕಳಿಸೀರಿ ಸರ? ನಮ್ಮ ಕಡ್ಲಿ ರೊಕ್ಕ ಯಾರು ಕೊಡ್ತಾರ?" ಎಂದರು. ಉತ್ತರ ಪತ್ರದಲ್ಲಿ ಇರಲಿಲ್ಲ. ಎರಡನೆಯ ಪತ್ರದಲ್ಲಿ ಬದಲಾಗುವುದನ್ನು ಮೊದಲು ಬರೆದೆ: ಸಿಇಒ ಹೆಸರು, ಫೋನ್ ನಂಬರು, ಚೆಕ್ಕಿನ ಸಹಿ. ಆಮೇಲೆ ಬದಲಾಗದ್ದು: ತೂಕದ ಪದ್ಧತಿ, ಹಣ ಜಮೆಯಾಗುವ ಗಡುವು, ಷೇರು ರೊಕ್ಕ.

2. ಮಾಲೀಕರು ಯಾರೆಂದು ನೆನಪಿಸಿ.
ಎಷ್ಟೋ ಸದಸ್ಯರು ಕಂಪನಿ ನನ್ನದೇ ಎಂದುಕೊಂಡಿದ್ದರು. ಕೇಳಲು ಹಿತವಾಗಿತ್ತು, ತಿದ್ದಲಿಲ್ಲ. ಹಾಗಾಗಿ ನಾನು ಹೊರಟದ್ದು ಅಂಗಡಿಗೆ ಬಾಗಿಲು ಹಾಕಿದಂತೆ ಕೇಳಿಸಿತು. ಕಾನೂನು ಹೇಳುವುದೇ ಬೇರೆ. ಕಂಪನಿ ಸದಸ್ಯರದು, ನಡೆಸುವವರು 5ರಿಂದ 15 ನಿರ್ದೇಶಕರು. ಸಿಇಒ ಆ ಮಂಡಳಿ ನೇಮಿಸಿದ, ಸದಸ್ಯನಲ್ಲದ ನೌಕರ. ಪತ್ರದಲ್ಲಿ ಅಧ್ಯಕ್ಷರ ಸಹಿಯೂ, ನಿರ್ದೇಶಕರ ಹೆಸರು ಮತ್ತು ಊರೂ ಇರಬೇಕಿತ್ತು.

3. ಹಂಗಾಮಿಯಾದರೂ ಒಂದು ಹೆಸರು ಕೊಡಿ.
ಮೊದಲ ಪತ್ರದಲ್ಲಿ "ಹೊಸಬರು ಶೀಘ್ರ ಬರಲಿದ್ದಾರೆ" ಎಂದಷ್ಟೇ ಬರೆದಿದ್ದೆ. ಆ ಖಾಲಿ ಜಾಗವನ್ನು ಚಹಾದಂಗಡಿಯ ಮಾತು ತುಂಬಿತು. ಇನ್ಫೋಸಿಸ್‌ನಲ್ಲಿ 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ರಾಜೀನಾಮೆಯ ಜೊತೆಗೇ ಹಂಗಾಮಿ ಸಿಇಒ ಪ್ರವೀಣ್ ರಾವ್ ಹೆಸರೂ ಪ್ರಕಟವಾಯಿತು. ಹಾಗಿದ್ದೂ ಅಂದು ಷೇರು ಕುಸಿಯಿತು. ಹೆಸರು ಕೊಟ್ಟರೆ ಭಯವೆಲ್ಲ ಹೋಗದು, ಆದರೆ ಯಾರನ್ನು ಕೇಳಬೇಕೆಂಬುದಾದರೂ ಗೊತ್ತಾಗುತ್ತದೆ.

4. ಮೊದಲು ಬ್ಯಾಂಕು, ಆಮೇಲೆ ಪತ್ರ.
ಇದು ನನ್ನ ದೊಡ್ಡ ತಪ್ಪು. ಕಡಲೆ ಖರೀದಿಯ ನಡುವೆಯೇ ಅಧಿಕಾರ ಬಿಟ್ಟುಕೊಡುವ ದಿನ ಘೋಷಿಸಿದೆ. ಹೊಸಬರ ಸಹಿ ಬ್ಯಾಂಕಿನಲ್ಲಿ ಇನ್ನೂ ದಾಖಲಾಗಿರಲಿಲ್ಲ, ಒಟಿಪಿ ನನ್ನ ಮೊಬೈಲಿಗೇ ಬರುತ್ತಿತ್ತು. ಪಾವತಿ ತಡವಾಯಿತು, ಪತ್ರದ ಭರವಸೆ ಸುಳ್ಳಾಯಿತು. ಮೊದಲು ಮಂಡಳಿಯ ಠರಾವು, ಅದರ ಪ್ರತಿಯೊಂದಿಗೆ ಬ್ಯಾಂಕಿಗೆ ಹೊಸ ಸಹಿ, ನಂತರ ಜಿಎಸ್‌ಟಿ ಖಾತೆಯ ಮೊಬೈಲ್ ನಂಬರು, ಗೊಬ್ಬರದ ಲೈಸೆನ್ಸು. ಹೊಸ ಸಹಿಯಲ್ಲಿ ಒಂದು ಸಣ್ಣ ಪಾವತಿ ಮಾಡಿ ನೋಡಿ. ಅದು ರೈತರ ಖಾತೆ ಮುಟ್ಟಿದ ಮೇಲೆ ಪತ್ರ ಕಳಿಸಿ. ಫೆಬ್ರುವರಿ-ಮಾರ್ಚಿನ ಕಡಲೆ ಸುಗ್ಗಿಯಲ್ಲೇ ಬದಲಾವಣೆ ಅನಿವಾರ್ಯವಾದರೆ, ಹಳೆಯ ಬಾಕಿ ಹಳೆಯ ಸಹಿಯಲ್ಲೇ ತೀರಲಿ; ಅಲ್ಲಿಯವರೆಗೆ ಹೊರಡುವವರು ಹೊರಡಬಾರದು.