ಮೆಣಸಿನಕಾಯಿ ಪ್ಯಾಕೆಟ್ ಮಾರೋಕೆ ಸಂತೆಯ ಮಾತೇ ಸಾಕು

ಹೋದ ವರ್ಷ ನಮ್ಮ ಹೊಲದ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಅರ್ಧ ಕಿಲೋ ಪ್ಯಾಕೆಟ್ ಮಾಡಿ, ಫೋಟೊ ಸಮೇತ ವಾಟ್ಸಾಪ್ ಕ್ಯಾಟಲಾಗ್‌ಗೆ ಹಾಕಿದ್ದೆ. ವಿವರಣೆ ಹೀಗಿತ್ತು:

"ಉತ್ತಮ ಗುಣಮಟ್ಟದ, ಶುದ್ಧ, ನೈಸರ್ಗಿಕ ಬ್ಯಾಡಗಿ ಮೆಣಸಿನಕಾಯಿ. ಯೋಗ್ಯ ದರದಲ್ಲಿ ಲಭ್ಯ."

ಕೇಳಿದವರೇ ಕಡಿಮೆ. ತಗೊಂಡವರಲ್ಲಿ ಒಬ್ಬರು, "ಖಾರಾನೇ ಇಲ್ಲ, ವಾಪಸ್ ತಗೊಳ್ಳಿ" ಅಂತ ಮೆಸೇಜ್ ಹಾಕಿದರು. ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಯೋಚಿಸಿದೆ: ಸಂತೆಯಲ್ಲಿ ಇದೇ ಕಾಯಿ ಮಾರುವಾಗ ಈ ದೂರು ಬರೋದೇ ಇಲ್ಲವಲ್ಲ! ಯಾಕಂದ್ರೆ ಅಲ್ಲಿ ನಾನೇ ಮೊದಲು ಹೇಳಿಬಿಡ್ತೀನಿ, ಬ್ಯಾಡಗಿ ಬಣ್ಣಕ್ಕೆ, ಖಾರಕ್ಕಲ್ಲ ಅಂತ.

ಹಾಗಾಗಿ ಮುಂದಿನ ಸಂತೆಯಲ್ಲಿ ಗಿರಾಕಿಗೆ ಹೇಳುವ ಮಾತನ್ನೇ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ನನ್ನ ಮಾತನ್ನು ಇದ್ದ ಹಾಗೇ ಟೈಪ್ ಮಾಡಿದೆ. ಹಳೆಯ ವಿವರಣೆಗೆ ಒಂದು ಪರೀಕ್ಷೆ ಇಟ್ಟೆ: ಈ ಸಾಲನ್ನು ಅರಿಶಿನದ ಪ್ಯಾಕೆಟ್ ಮೇಲೂ ಅಂಟಿಸಬಹುದಾ? ಅಂಟಿಸಬಹುದಾದರೆ ಹೊಡೆದು ಹಾಕು. "ಉತ್ತಮ ಗುಣಮಟ್ಟ", "ಶುದ್ಧ", "ಯೋಗ್ಯ ದರ" ಎಲ್ಲಾ ಹೋದವು. ಉಳಿದದ್ದು ಹೆಸರು ಮಾತ್ರ.

ಹೊಸದಾಗಿ ಬರೆದದ್ದು ಇದು:

"ಅಕ್ಕಾ, ಮೊದಲೇ ಹೇಳಿಬಿಡ್ತೀನಿ, ಬರೀ ಖಾರ ಬೇಕಂದ್ರೆ ಇದು ಬೇಡ. ಇದು ಬ್ಯಾಡಗಿ ಕಡ್ಡಿ: ಉದ್ದ, ತೆಳ್ಳಗೆ, ಮೈಯೆಲ್ಲಾ ಸುಕ್ಕು. ಸುಕ್ಕು ನೋಡಿ ಹಳೇ ಮಾಲು ಅನ್ಕೋಬೇಡಿ, ಅದರ ಗುರುತೇ ಅದು! ಬಿಸಿಬೇಳೆ ಬಾತ್‌ಗೆ, ಮಸಾಲೆ ದೋಸೆಯ ಕೆಂಪು ಚಟ್ನಿಗೆ ಹಾಕಿ ನೋಡಿ, ಆ ಕೆಂಪು ಬಣ್ಣ ಇದರಿಂದಲೇ. ಖಾರನೂ ಬೇಕಾ? ನಾಲ್ಕು ಹಿಡಿ ಇದಕ್ಕೆ ಒಂದು ಹಿಡಿ ಗುಂಟೂರು ಸೇರಿಸಿ ಪುಡಿ ಮಾಡಿಸಿ. ಗಾಳಿಯಾಡದ ಡಬ್ಬದಲ್ಲಿ, ಬಿಸಿಲು ಬೀಳದ ಕಡೆ ಇಡಿ. ಬೆಳಕಿಗಿಟ್ಟರೆ ಬಣ್ಣ ಮಾಸುತ್ತೆ."

ಇದರಲ್ಲಿ ಹೊಗಳಿಕೆ ಕಡಿಮೆ, ಗೊತ್ತಿರೋ ವಿಷಯ ಜಾಸ್ತಿ. ಅಂಗಡಿಯವರ ಹುರುಪು ಅಂದ್ರೆ ಅದೇ. "ಸೂಪರ್, ಬೆಸ್ಟ್, ನಂಬರ್ ಒನ್" ಅಂತ ತುಂಬಿಸಿದರೆ ಅದು ಮತ್ತೆ ಕರಪತ್ರವೇ, ಸ್ವಲ್ಪ ಜೋರಾಗಿ ಕೂಗುತ್ತೆ ಅಷ್ಟೇ. ಮೊದಲ ಸಾಲಲ್ಲೇ "ಇದು ಬೇಡ" ಅಂದದ್ದು ನಷ್ಟವಲ್ಲ. ಖಾರ ಹುಡುಕುವವರು ಅಲ್ಲೇ ನಿಲ್ತಾರೆ, ಬಣ್ಣ ಬೇಕಾದವರಿಗೆ ನಂಬಿಕೆ ಬರುತ್ತೆ.

ಹುರುಪಲ್ಲಿ ಕೈ ಜಾರುವ ಜಾಗ ಒಂದಿದೆ. "ಸಕ್ಕರೆ ಕಾಯಿಲೆ ವಾಸಿಯಾಗುತ್ತೆ", "ಮಂಡಿನೋವಿಗೆ ರಾಮಬಾಣ" ಅಂತ ಬರೀಬೇಡಿ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತೆ ಅಂತ ಹೇಳಿ ಮಾರೋದು ಕಾನೂನಿಗೆ ವಿರುದ್ಧ. ಕಾಯಿ ಒಂದೇ ಸಮ ಇಲ್ಲದಿದ್ದರೆ ಅದನ್ನೂ ಹೇಳಿ: "ಅಲ್ಲಲ್ಲಿ ಬಿಳಿಚಿದ ಕಾಯಿ ಇದೆ, ಅದಕ್ಕೇ ರೇಟು ಕಡಿಮೆ."

ಕೊನೆಗೆ ಮನೆಯವರ ಮುಂದೆ ಜೋರಾಗಿ ಓದಿ. ಎಲ್ಲಿ ನಾಲಿಗೆ ತಡವರಿಸುತ್ತೋ, ಆ ಸಾಲು ನೀವು ಸಂತೆಯಲ್ಲಿ ಹೇಳೋದಲ್ಲ. ಅದನ್ನು ತಿದ್ದಿ, ಆಮೇಲೆ ಹಾಕಿ.