ಪಾಲುಪಟ್ಟಿಯ ಅಂಕಿ ಇಳಿಸುವಾಗ

ಮಗಾ, ಮನೆಯ ಹಳೇ ಪಾಲುಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಕೂತಿದ್ದೀಯಲ್ಲ, ಬಹಳ ಸಂತೋಷ. ಅಂಕಿಗಳನ್ನು ಇಂಗ್ಲಿಷಿಗೆ ಇಳಿಸುವಾಗ ಇಷ್ಟು ಗಮನವಿರಲಿ. ಇಲ್ಲಿ ಒಂದಂಕಿ ತಪ್ಪಿದರೂ ನಾಳೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುತ್ತದೆ.

- ಮೊದಲು ಬರೆದವರ ಕೈಬರಹ ಕಲಿ. ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುವ ಮೊತ್ತಗಳನ್ನು ಹುಡುಕಿ, ಅವರ ೦ಯಿಂದ ೯ರವರೆಗಿನ ರೂಪಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಅವಸರದಲ್ಲಿ ಬರೆದ ೧ರ ಕೆಳಬಾಯಿ ಮುಚ್ಚಿದರೆ ೦ ಆಗಿ ಕಾಣುತ್ತದೆ. ೪ರ ತಲೆ ಕೂಡಿಕೊಂಡರೆ ಇಂಗ್ಲಿಷಿನ 8 ಎಂದೇ ಕೈ ಬರೆದುಬಿಡುತ್ತದೆ. ಹೆಚ್ಚು ಕಾಡುವುದು ೬ ಮತ್ತು ೯.

- ಜಮೀನಿನ ಅಳತೆಯನ್ನು ದಶಮಾಂಶವೆಂದು ಓದಬೇಡ. ೨-೧೫ ಎಂದರೆ ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 2.375. ನೀನು 2.15 ಎಂದು ಒಂದೇ ಕಾಲಂನಲ್ಲಿ ಹಾಕಿದರೆ ಕಂಪ್ಯೂಟರ್ ಕೂಡುವ ಮೊತ್ತವೆಲ್ಲ ಕೆಡುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡು. ‘ಎರಡೂವರೆ ಎಕರೆ’ ಎಂದಿದ್ದರೆ 2 ಮತ್ತು 20 ಎಂದು ಬರೆ, 2 ಮತ್ತು 50 ಅಲ್ಲ.

- ಅನುಮಾನ ಬಂದ ಅಂಕಿಯನ್ನು ಕೂಡಿಸಿ ನೋಡು. ಒಂದು ಹೊಲ ೩-೧೬ ಇರಬಹುದು, ೩-೧೯ ಇರಬಹುದು. ಇನ್ನೊಂದು ಹೊಲ ೧-೩೫. ಕೆಳಗೆ ಒಟ್ಟು ೫-೧೧ ಎಂದಿದೆ ಅಂದುಕೋ. ಹದಿನಾರಕ್ಕೆ ಮೂವತ್ತೈದು ಸೇರಿಸಿದರೆ ಐವತ್ತೊಂದು ಗುಂಟೆ. ಅದರಲ್ಲಿ ನಲವತ್ತು ಒಂದು ಎಕರೆಯಾಗಿ, ಹನ್ನೊಂದು ಉಳಿಯುತ್ತದೆ. ಹತ್ತೊಂಬತ್ತಾಗಿದ್ದರೆ ಒಟ್ಟು ೫-೧೪ ಬರಬೇಕಿತ್ತು. ಹಾಗಾಗಿ ಅದು 16. ಸರ್ವೆ ನಂಬರಿಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಪಹಣಿಯ ಜೊತೆಗೇ ತಾಳೆ ನೋಡಬೇಕು.

- ಅಕ್ಷರದಲ್ಲಿರುವ ಸಂಖ್ಯೆಯನ್ನು ಪೂರ್ತಿ ಓದಿ ಮುಗಿಸಿದ ಮೇಲೆ ಬರೆ. ಮುನ್ನೂರು 300, ನೂರಮೂರು 103. ‘ಸಾವಿರದ ಇನ್ನೂರ ಐದು’ 1,205. ಕೇಳಿದಂತೆ ತುಂಡುತುಂಡಾಗಿ ಹಾಕಿದರೆ ಸೊನ್ನೆಗಳು ಹೆಚ್ಚಾಗುತ್ತವೆ. ‘ಎರಡೂವರೆ ಸಾವಿರ’ 2,500. ಮಸಿ ಮಾಸಿದ ಕಡೆ ಒಂಬತ್ತು, ಎಂಬತ್ತು, ತೊಂಬತ್ತು ಮೂರರಲ್ಲೂ ಮೊದಲಕ್ಷರವನ್ನೇ ಭೂತಗನ್ನಡಿ ಹಿಡಿದು ನೋಡು. ಉಳಿದ ಭಾಗ ಮೂರಕ್ಕೂ ಒಂದೇ.

- ೧,೨೫,೦೦೦ ಇದ್ದರೆ 1,25,000 ಎಂದೇ ಇಳಿಸು, ಅಲ್ಪವಿರಾಮ ಇದ್ದಲ್ಲೇ ಇರಲಿ.

- 1957ಕ್ಕಿಂತ ಹಿಂದಿನ ಪತ್ರದಲ್ಲಿ ಹಣ ರೂಪಾಯಿ, ಆಣೆ, ಪೈ ಎಂದು ಮೂರು ಭಾಗವಾಗಿರುತ್ತದೆ. ೫-೪-೦ ಎಂದರೆ ಐದು ರೂಪಾಯಿ ನಾಲ್ಕು ಆಣೆ. ರೂಪಾಯಿಗೆ ಹದಿನಾರು ಆಣೆಯಂತೆ ಅದು 5.25, 5.40 ಅಲ್ಲ.

- ಮೂಲದಲ್ಲಿದ್ದ ರೂಪವನ್ನು ಹಾಗೇ ಒಂದು ಕಾಲಂನಲ್ಲಿಟ್ಟು, ಪಕ್ಕದಲ್ಲಿ ಇಂಗ್ಲಿಷ್ ಅಂಕಿ ಬರೆ. ಕೂಡಿಸಿ ನೋಡಿದರೂ ಬಗೆಹರಿಯದ ಕಡೆ ಪ್ರಶ್ನೆಚಿಹ್ನೆ ಹಾಕಿ, ಪುಟದ ಸಂಖ್ಯೆ ಬರೆದಿಡು. ಊಹಿಸಿ ತುಂಬಬೇಡ.