ಐದು ದಿನಕ್ಕೆ ಮೂರು ತರಬೇತಿ, ಒಂದೇ ಸರ್ಟಿಫಿಕೇಟ್

ಪ್ರಶ್ನೆ: ನನ್ನ ತಮ್ಮ ಪಿಯುಸಿ ಮುಗಿಸಿ ಮನೆಯಲ್ಲಿದ್ದಾನೆ. ದಾವಣಗೆರೆಯ ಒಂದು ಸಂಸ್ಥೆಯವರು ಸೆಕ್ಯುರಿಟಿ ಗಾರ್ಡ್, ಫೈರ್ ಸೇಫ್ಟಿ, ವಿಪತ್ತು ನಿರ್ವಹಣೆ ಮೂರನ್ನೂ ಐದು ದಿನದಲ್ಲಿ ಕಲಿಸಿ ಒಂದು ಸರ್ಟಿಫಿಕೇಟ್ ಕೊಡುತ್ತಾರಂತೆ. ಫೀಸು ಹದಿನೈದು ಸಾವಿರ. ಮಾದರಿ ಪ್ರತಿಯಲ್ಲಿ ಸಿಂಹಮುದ್ರೆ, ‘ಗವರ್ನಮೆಂಟ್ ರಿಜಿಸ್ಟರ್ಡ್’, ಐಎಸ್‌ಒ, ಕ್ಯೂಆರ್ ಕೋಡ್ ಎಲ್ಲ ಇವೆ. ಎರಡು ಸಾವಿರ ಮುಂಗಡ ಕೊಟ್ಟಿದ್ದೇವೆ. ನಂಬಬಹುದೆ?
– ಓದುಗರೊಬ್ಬರು, ಕತ್ತಲಗೆರೆ

ಉತ್ತರ: ಉಳಿದ ಹದಿಮೂರು ಸಾವಿರವನ್ನು ಸದ್ಯ ಕೊಡಬೇಡಿ. ಕಾರಣ ಹೇಳುತ್ತೇನೆ.

ಖಾಸಗಿ ಗಾರ್ಡ್‌ಗಳ ಕೆಲಸ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಗೆ ಒಳಪಡುತ್ತದೆ. ಜನ ಇದನ್ನು ‘ಪಸಾರ’ ಅಂತಾರೆ. ಇದರಡಿಯ ಮಾದರಿ ನಿಯಮದ ಪ್ರಕಾರ ಗಾರ್ಡ್ ಆಗುವವನಿಗೆ 100 ಗಂಟೆ ತರಗತಿ ಪಾಠ, 60 ಗಂಟೆ ಹೊರಗಿನ ಅಭ್ಯಾಸ ಆಗಬೇಕು. ನಿಮ್ಮ ಸಂಸ್ಥೆಯವರು ದಿನಕ್ಕೆ ಎಂಟು ಗಂಟೆ ಕೂರಿಸಿದರೂ ಐದು ದಿನಕ್ಕೆ ನಲವತ್ತೇ ಗಂಟೆ. ಸೈನ್ಯ ಅಥವಾ ಪೊಲೀಸಿನಿಂದ ನಿವೃತ್ತರಾದವರಿಗೆ ಕಡಿಮೆ ಅವಧಿ ಸಾಕು, ಪಿಯುಸಿ ಹುಡುಗನಿಗಲ್ಲ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ವಿಪತ್ತಿನ ವೇಳೆ ಏನು ಮಾಡಬೇಕು ಎಂಬ ಪಾಠಗಳೂ ಆ 160 ಗಂಟೆಯೊಳಗೇ ಬರುತ್ತವೆ. ಗಾರ್ಡ್ ಕೆಲಸಕ್ಕೆ ಇವುಗಳ ಪ್ರತ್ಯೇಕ ಸರ್ಟಿಫಿಕೇಟನ್ನು ಕಾಯ್ದೆ ಕೇಳುವುದಿಲ್ಲ.

ಏಜೆಂಟರು ಹೇಳದೇ ಬಿಡುವ ಮಾತೊಂದಿದೆ. ಗಾರ್ಡಿಗೆ ತರಬೇತಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಆ ಕಾಯ್ದೆ ಏಜೆನ್ಸಿಯ ಮೇಲೇ ಹೊರಿಸಿದೆ. ಹಾಗಾಗಿ ನಿಮ್ಮ ತಮ್ಮ ಮೊದಲು ಲೈಸೆನ್ಸ್ ಇರುವ ಏಜೆನ್ಸಿಯ ಬಾಗಿಲು ತಟ್ಟಿ, ‘ತರಬೇತಿ ಎಲ್ಲಿ ಕೊಡಿಸುತ್ತೀರಿ?’ ಎಂದು ಕೇಳಲಿ. ಲೈಸೆನ್ಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು ಎಂಬುದು ಕಾನೂನು. ಅದರಲ್ಲಿರುವ ಹೆಸರು, ಸಂಖ್ಯೆ, ಅವಧಿಯನ್ನು ಬರೆದುಕೊಂಡು, ಕೇಂದ್ರ ಗೃಹ ಸಚಿವಾಲಯದ psara.gov.in ತಾಣದಲ್ಲಿ ತಾಳೆ ನೋಡಿ.

ಇನ್ನು ಆ ಮಾದರಿ ಪ್ರತಿ. ‘ಗವರ್ನಮೆಂಟ್ ರಿಜಿಸ್ಟರ್ಡ್’ ಅಂದರೆ ಟ್ರಸ್ಟ್, ಸೊಸೈಟಿ ಅಥವಾ ಉದ್ಯಮವೆಂದು ನೋಂದಣಿಯಾಗಿದೆ ಅಂತ ಅಷ್ಟೆ. ಹೋಟೆಲೂ ಹಾಗೆ ನೋಂದಣಿಯಾಗುತ್ತದೆ, ಅದರಿಂದ ಗಾರ್ಡ್ ತರಬೇತಿ ಕೊಡುವ ಅಧಿಕಾರ ಬರುವುದಿಲ್ಲ. ಐಎಸ್‌ಒ ಗುರುತೂ ಅಷ್ಟೇ, ಅದು ಸರ್ಕಾರದ ಮಾನ್ಯತೆಯಲ್ಲ. ಸಿಂಹಮುದ್ರೆಯನ್ನು ಖಾಸಗಿಯವರು ಅನುಮತಿಯಿಲ್ಲದೆ ಬಳಸುವುದನ್ನು 2005ರಲ್ಲೇ ಬಂದ ಇನ್ನೊಂದು ಕಾಯ್ದೆ ನಿಷೇಧಿಸಿದೆ. ಆ ಪ್ರತಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ತಂದದ್ದು ಈ ಮುದ್ರೆಯೇ.

ಕ್ಯೂಆರ್ ಕೋಡನ್ನು ಫೋನಿನಲ್ಲಿ ತೆರೆದಾಗ ಪುಟ ಯಾವ ವಿಳಾಸದಲ್ಲಿ ನಿಂತಿತು ಎಂಬುದನ್ನೇ ಮೊದಲು ನೋಡಿ. ಸಂಸ್ಥೆಯ ಸ್ವಂತ ತಾಣದಲ್ಲಿ ‘ವೆರಿಫೈಡ್’ ಎಂದು ಬಂದರೆ ಅವರ ಮಾತಿಗೆ ಅವರೇ ಸಾಕ್ಷಿ. ಕೇಂದ್ರದ ಕೌಶಲ ಯೋಜನೆಯ ಕೋರ್ಸ್ ಎಂದು ಹೇಳಿಕೊಂಡರೆ ಕೋರ್ಸಿನ ಕೋಡ್ ಕೇಳಿ, nqr.gov.in ತಾಣದಲ್ಲಿ ಹುಡುಕಿ. ಅಲ್ಲಿ ಕೋರ್ಸಿನ ಅವಧಿಯನ್ನೂ ಬರೆದಿರುತ್ತಾರೆ.

ಬೆಂಕಿ ಮತ್ತು ವಿಪತ್ತಿನ ವಿಷಯ ಚಿಕ್ಕದು. ರಾಜ್ಯದ ಅಗ್ನಿಶಾಮಕ ಇಲಾಖೆ ಸೇರಬೇಕೆಂದರೆ ನೇಮಕಾತಿ ಪರೀಕ್ಷೆಯೇ ದಾರಿ, ಆಯ್ಕೆಯಾದವರಿಗೆ ಇಲಾಖೆಯೇ ತರಬೇತಿ ಕೊಡುತ್ತದೆ. ಫ್ಯಾಕ್ಟರಿ ಕೆಲಸಕ್ಕೆ ಬೇಕೆಂದರೆ ಐಟಿಐಯಲ್ಲಿ ಒಂದು ವರ್ಷದ ಅಗ್ನಿ ಸುರಕ್ಷತೆಯ ಟ್ರೇಡ್ ಇದೆ. ವಿಪತ್ತಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ ಇತ್ತು. ಅದು ಆಯ್ದ ಜಿಲ್ಲೆಗಳ ಸ್ವಯಂಸೇವಕರಿಗೆ 12 ದಿನ ಪುಕ್ಕಟೆ ಕೊಡುತ್ತಿದ್ದ ತರಬೇತಿ, ನೌಕರಿಯಲ್ಲ. ಅಂಥ ತರಬೇತಿ ಈಗ ಇದೆಯೇ ಎಂಬುದನ್ನು ದಾವಣಗೆರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸಂಸ್ಥೆಯವರಿಗೆ ಒಂದು ಕಾಗದ ಬರೆಯಿರಿ: ಈ ತರಬೇತಿಗೆ ಯಾವ ಆದೇಶದ ಮೇಲೆ ಅನುಮತಿ ಸಿಕ್ಕಿದೆ, ಆದೇಶದ ಸಂಖ್ಯೆ ಮತ್ತು ದಿನಾಂಕವೇನು, ತೇರ್ಗಡೆಯಾದವರ ಪಟ್ಟಿಯನ್ನು ಪಸಾರ ನಿಯಂತ್ರಣ ಪ್ರಾಧಿಕಾರಕ್ಕೆ ಕಳಿಸುತ್ತೀರಾ? ಪಟ್ಟಿ ಕಳಿಸಬೇಕೆಂದು ಮಾದರಿ ನಿಯಮದಲ್ಲೇ ಇದೆ. ಉತ್ತರ ಬಂದರೆ ಅದು ನಿಜವೇ ಎಂದು ಬೆಂಗಳೂರಿನ ಗೃಹ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಬರೆಯಬೇಕು, ಇದು ನಮ್ಮ ರಾಜ್ಯದ ನಿಯಮ. 30 ದಿನದಲ್ಲಿ ಉತ್ತರ ಕೊಡಬೇಕು.

ಉತ್ತರ ಬರದಿದ್ದರೆ, ಅಥವಾ ಸುಳ್ಳೆಂದು ಗೊತ್ತಾದರೆ, ಮುಂಗಡವನ್ನು ಬರವಣಿಗೆಯಲ್ಲೇ ವಾಪಸ್ ಕೇಳಿ. ಕೊಡದಿದ್ದರೆ ರಸೀದಿ, ಮಾದರಿ ಪ್ರತಿ, ವಾಟ್ಸ್‌ಆ್ಯಪ್ ಮಾತುಕತೆ ಹಿಡಿದು ಪೊಲೀಸ್ ಠಾಣೆಗೆ ವಂಚನೆಯ ದೂರು ಕೊಡಿ. ರಸೀದಿ ಇನ್ನೂ ಇಲ್ಲವೆಂದರೆ ಇವತ್ತೇ ಕೇಳಿ ಪಡೆಯಿರಿ.